ಮಾಸ್ಟರ್ ಕೈ ನೋಡಿದವರು

ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಓಣಿಯಲ್ಲಿ ನಾನು ಬಹಳ ವರ್ಷ ಮ್ಯಾಚಿಂಗ್ ಸೆಂಟರ್ ನಡೆಸಿದೆ. ಬ್ಲೌಸ್ ಪೀಸು, ಲೈನಿಂಗ್ ಬಟ್ಟೆ, ಸೀರೆ ಫಾಲ್ಸು, ಹುಕ್ಕು, ದಾರ, ಇಷ್ಟೇ ವ್ಯಾಪಾರ. ಪಕ್ಕದ ಮಳಿಗೆಯಲ್ಲಿ ಲೇಡೀಸ್ ಟೈಲರ್ ಒಬ್ಬರಿದ್ದರು. ಅವರ ಹೆಸರು ಬೋರ್ಡಿನ ಮೇಲಷ್ಟೇ ಇತ್ತು, ಓಣಿಗೆಲ್ಲ ಅವರು ಮಾಸ್ಟರ್. ನಮ್ಮಿಬ್ಬರ ಗಿರಾಕಿಯೂ ಒಂದೇ. ಸೀರೆ ತಂದ ಹೆಣ್ಣುಮಗಳಿಗೆ ಮಾಸ್ಟರ್ ಮೊದಲು ಹೇಳುವ ಮಾತು, ‘ಪಕ್ಕದಾಗೆ ಅಕ್ಕನ ಹತ್ರ ಲೈನಿಂಗ್ ತಗೊಂಡ್ ಬರ್ರಿ’ ಅಂತ. ಹಾಗಾಗಿ ಅವರ ವ್ಯಾಪಾರ ಏರಿದರೆ ಅವರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ನನಗೆ. ನನ್ನ ಕಪಾಟಿನ ಮೆರೂನ್, ಬಾಟಲ್ ಗ್ರೀನ್, ಸಾಸಿವೆ ಹಳದಿ ಲೈನಿಂಗ್ ತಾನುಗಳು ಎಷ್ಟು ಬೇಗ ಕರಗುತ್ತವೆ ಎಂಬುದೇ ಅದರ ಲೆಕ್ಕ.

ಮಾಸ್ಟರಿಗೆ ಇನ್‌ಸ್ಟಾಗ್ರಾಂನಲ್ಲಿ 18 ಸಾವಿರ ಫಾಲೋವರ್ಸ್ ಆದ ವರ್ಷ ಆ ತಾನುಗಳು ಯಾವತ್ತಿನಷ್ಟೇ ನಿಧಾನ ಕರಗಿದವು. ಅನುಮಾನ ಮೊದಲು ಬಂದದ್ದು ನನಗೆ ಅಲ್ಲಿಂದಲೇ.

ಶುರುವಾದದ್ದು ಕೊರೋನಾ ಕಾಲದಲ್ಲಿ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂನವರು ರೀಲ್ಸ್ ತಂದರು. ಮದುವೆಗಳಿಲ್ಲ, ಹೊಲಿಗೆ ಇಲ್ಲ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮನೆಗೆ ಬಂದು ಕೂತಿದ್ದ. ಅವನೇ ಅಪ್ಪನ ಕಟಿಂಗ್ ಟೇಬಲ್ಲಿನ ಮೇಲೆ, ಫ್ಯಾನಿನ ಕೊಕ್ಕೆಗೆ ಒಂದು ಕಡ್ಡಿ ಕಟ್ಟಿ, ಫೋನು ತಲೆಕೆಳಗಾಗಿ ನೇತುಹಾಕಿದ. ವಿಡಿಯೊದಲ್ಲಿ ಮಾಸ್ಟರ್ ಮುಖ ಇಲ್ಲ, ಮಾತಿಲ್ಲ. ಕಾಣುವುದು ಎರಡು ಕೈ, ನಾಲ್ಕು ಮಡಿಕೆಯ ಬಟ್ಟೆ, ಚಪ್ಪಟೆ ಸೀಮೆಸುಣ್ಣ, ದೊಡ್ಡ ಕತ್ತರಿ. ಹಿಂದೆ ಯಾವುದೋ ಹಿಂದಿ ಹಾಡು. (ಆ ಹಾಡುಗಳನ್ನು ಮಾಸ್ಟರ್ ಒಂದನ್ನೂ ಪೂರ್ತಿ ಕೇಳಿದ್ದಿಲ್ಲ. ಅವರ ಮಷೀನ್ ಪಕ್ಕದ ರೇಡಿಯೊದಲ್ಲಿ ಭದ್ರಾವತಿ ಆಕಾಶವಾಣಿ ಬಿಟ್ಟು ಬೇರೆ ಬರುತ್ತಿರಲಿಲ್ಲ.)

ಆ ಕೈ ನೋಡಲು ಚೆಂದವೇ, ಅದನ್ನು ಒಪ್ಪಬೇಕು. ಎದೆ ಸುತ್ತಳತೆ 36 ಇದ್ದರೆ ಅದರ ಕಾಲು ಭಾಗ 9 ಇಂಚು, ಅದರ ಮೇಲೆ ಸಡಿಲಕ್ಕೆ ಇಷ್ಟು, ಹೊಲಿಗೆಗೆ ಇಷ್ಟು, ಒಳಗೆ ಬಿಡುವ ಮಾರ್ಜಿನ್‌ಗೆ ಇಷ್ಟು ಎಂದು ಬಾಯಲ್ಲಿ ಗುನುಗುತ್ತ, ಟೇಪನ್ನು ಒಮ್ಮೆ ಇಟ್ಟು ತೆಗೆದು, ಕಂಕುಳ ಬಾಗನ್ನು ಯಾವ ಅಚ್ಚೂ ಇಲ್ಲದೆ ಒಂದೇ ಎಳೆತದಲ್ಲಿ ಎಳೆಯುತ್ತಿದ್ದರು. ಕಟೋರಿ ಬ್ಲೌಸಿನ ಬಟ್ಟಲು ತುಂಡುಗಳನ್ನು ಕತ್ತರಿಸಿ ಜೋಡಿಸುವ ಒಂದು ವಿಡಿಯೊವನ್ನು ಆರು ಲಕ್ಷ ಸಲ ನೋಡಿದರು. ಮಾಸ್ಟರ್ ಆ ಫೋನು ಹಿಡಿದು ನನ್ನ ಅಂಗಡಿಗೆ ಬಂದು, ಗಲ್ಲಾಪೆಟ್ಟಿಗೆ ಮೇಲಿಟ್ಟು, ‘ಅಕ್ಕ, ದಾವಣಗೆರೆ ಜನ ಎಷ್ಟು?’ ಅಂತ ಕೇಳಿದರು. 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ಚಿಲ್ಲರೆ ಅಂದೆ. ‘ಊರಿಗೆ ಊರೇ ನೋಡೈತಲ್ರೀ ಹಂಗಾದ್ರೆ’ ಅಂದರು. ಊರು ನೋಡಿರಲಿಲ್ಲ. ಅದು ಗೊತ್ತಾಗಲು ಇನ್ನೂ ಸಮಯ ಹಿಡಿಯಿತು.

ಮದುವೆಗಳು ಮತ್ತೆ ಜೋರಾದ ಮೇಲೂ ಮಾಸ್ಟರ್ ಅಂಗಡಿಗೆ ಬರುತ್ತಿದ್ದವರು ಹಳಬರೇ. ಇನ್‌ಸ್ಟಾಗ್ರಾಂ ನೋಡಿ ಬಂದ ಹೊಲಿಗೆ ಒಂದೇ ಒಂದು, ಅದೂ ಕೊರಿಯರ್‌ನಲ್ಲಿ. ಹೈದರಾಬಾದಿನ ಒಬ್ಬ ಹೆಂಗಸು ರೇಷ್ಮೆ ಬಟ್ಟೆಯನ್ನೂ ಅಳತೆಗೆ ಒಂದು ಹಳೆಯ ಬ್ಲೌಸನ್ನೂ ಕಳಿಸಿದ್ದರು. ಮಾಸ್ಟರ್ ಅದನ್ನು ಅಕ್ಕರೆಯಿಂದ, ಊರಿನ ಹೊಲಿಗೆಗಳನ್ನು ಬದಿಗಿಟ್ಟು ಹೊಲಿದರು. ಹೋಗಿ ಮುಟ್ಟಿದ ಮೇಲೆ ದೂರು ಬಂತು: ಕಂಕುಳಲ್ಲಿ ಹಿಡಿಯುತ್ತದೆ, ಕೈ ಎತ್ತಿದರೆ ಬ್ಲೌಸೇ ಮೇಲೇರುತ್ತದೆ.

ಅದರ ಕಾರಣವನ್ನು ಮಾಸ್ಟರ್ ನನಗೆ ಟೇಬಲ್ಲಿನ ಮೇಲೆ ಬಿಚ್ಚಿಟ್ಟೇ ತೋರಿಸಿದರು. ಅಳತೆಗೆ ಬಂದದ್ದು ಲೈನಿಂಗ್ ಇಲ್ಲದ ಮೆತ್ತನೆ ಹತ್ತಿ ಬ್ಲೌಸು, ಎಷ್ಟೋ ಸಲ ಒಗೆದು ಮೈಗೆ ಹೊಂದಿಕೊಂಡು ಹಿಗ್ಗಿದ್ದು. ಹೊಲಿಯಬೇಕಾದದ್ದು ಬಿಗಿ ನೇಯ್ಗೆಯ ರೇಷ್ಮೆ, ಅದರೊಳಗೆ ಲೈನಿಂಗ್. ಎರಡು ಪದರ ಒಟ್ಟಿಗೆ ಹೊಲಿದ ಬಟ್ಟೆ ಹತ್ತಿಯ ಹಾಗೆ ಒಂದು ಎಳೆಯೂ ಬಗ್ಗುವುದಿಲ್ಲ. ಇಂಚು ಇಂಚು ಅದೇ ಅಳತೆಗೆ ಹೊಲಿದರೂ ಮೈಮೇಲೆ ಬಿಗಿಯೇ. ಎದುರಿಗೆ ನಿಂತ ಗಿರಾಕಿಗೆ ಮಾಸ್ಟರ್ ಮೂರು ಪ್ರಶ್ನೆ ಕೇಳುತ್ತಿದ್ದರು: ಈ ಅಳತೆ ಬ್ಲೌಸು ಈಗಲೂ ಸರಿಯಾಗುತ್ತಾ, ಎಲ್ಲಿ ಹಿಡಿಯುತ್ತೆ, ಎಲ್ಲಿ ಜಾರುತ್ತೆ. ಆಮೇಲೆ ಕೈ ಮೇಲೆತ್ತಿಸಿ ನೋಡುತ್ತಿದ್ದರು. ಕೊರಿಯರ್ ಡಬ್ಬಿಯನ್ನು ಕೈ ಎತ್ತು ಅನ್ನಲಾಗುತ್ತದೆಯೇ? ಪಕ್ಕದ ಹೊಲಿಗೆ ಬಿಚ್ಚಿ ಮಾರ್ಜಿನ್‌ನಿಂದ ಎದೆ ಸಡಿಲ ಮಾಡಬಹುದು. ಕಂಕುಳ ಬಾಗು ಚಿಕ್ಕದಾಗಿ ಬಿದ್ದದ್ದನ್ನು ಅಷ್ಟು ಸುಲಭಕ್ಕೆ ದೊಡ್ಡದು ಮಾಡಲು ಬರುವುದಿಲ್ಲ, ತೋಳು ಬಿಚ್ಚಿ ಒಳಗೆ ಕೊರೆದು ಮತ್ತೆ ಕೂರಿಸಬೇಕು. ಮಾಸ್ಟರ್ ಅದನ್ನೂ ಮಾಡಿದರು. ಹೊಲಿಗೆ ಕೂಲಿ 450 ರೂಪಾಯಿ. ಅದರಲ್ಲಿ ನನ್ನ ಲೈನಿಂಗ್‌ಗೆ 90, ಆಲ್ಟ್ರೇಷನ್‌ಗೆ ಬಟ್ಟೆ ತರಿಸಿ ಮತ್ತೆ ಕಳಿಸಿದ ಕೊರಿಯರ್‌ಗೆ 240. ಉಳಿದ 120ಕ್ಕೆ ಅವರ ಒಂದೂವರೆ ದಿನದ ದುಡಿಮೆ. ಆ ಹೆಂಗಸಿನದೂ ತಪ್ಪಿಲ್ಲ, ಮಾಸ್ಟರದೂ ಇಲ್ಲ. ಬ್ಲೌಸು ಅನ್ನುವುದು ದೂರದಿಂದ ಮಾರುವ ಸಾಮಾನಲ್ಲ ಅಷ್ಟೇ. ಮೈ ಅಂಗಡಿಗೆ ಬರಬೇಕು.

ಹಾಗಾದರೆ ಅಂಗಡಿಗೆ ಬರಬಲ್ಲಷ್ಟು ಹತ್ತಿರದವರು ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆ ಉಳಿಯಿತು.

ಉತ್ತರದ ಮೊದಲ ತುಣುಕು ಒಂದು ಆಷಾಢದಲ್ಲಿ ಬಂತು. ಆಷಾಢ ನಮ್ಮಿಬ್ಬರಿಗೂ ನೊಣ ಹೊಡೆಯುವ ತಿಂಗಳು. ಮಧ್ಯಾಹ್ನ ಮಾಸ್ಟರ್ ಫೋನು ಹಿಡಿದು ಕಾಮೆಂಟುಗಳನ್ನು ತೋರಿಸುತ್ತ ಕೂತಿದ್ದರು. ಅವರಿಗೆ ಹಿಂದಿ ಓದಲು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಚೆಂದ ಇದೆ ಅಂತ ಬರೆದಿರುತ್ತಾರೆ ಎಂದೇ ಇಷ್ಟು ದಿನ ತಿಳಿದಿದ್ದರು. ನಾನು ಒಂದೊಂದಾಗಿ ಓದಿ ಹೇಳುತ್ತ ಹೋದೆ. ‘38 ಸೈಜಿಗೆ ಕಂಕುಳ ಎಷ್ಟು ಇಡಬೇಕು ಭಯ್ಯಾ?’ ‘ಮುಂದಿನ ಭಾಗದ ಟಕ್ಸ್ ಎಷ್ಟು ಉದ್ದ?’ ‘ಪೇಪರ್ ಕಟಿಂಗ್ ಹಾಕಿ ಸರ್.’ ‘ಕ್ಯಾನ್ವಾಸ್ ಯಾವ ಕಂಪನಿದು?’ ‘ಇನ್ನೂ ನಿಧಾನವಾಗಿ ತೋರಿಸಿ.’ ಕೂಲಿ ಎಷ್ಟು ಅಂತ ಒಬ್ಬರೂ ಕೇಳಿರಲಿಲ್ಲ. ಅಂಗಡಿ ಎಲ್ಲಿ, ಎಷ್ಟು ದಿನಕ್ಕೆ ಕೊಡ್ತೀರಿ ಅಂತಲೂ ಇಲ್ಲ. ಹೊಲಿಸಿಕೊಳ್ಳುವ ಹೆಂಗಸು ಟಕ್ಸ್ ಉದ್ದ ಕೇಳುವುದುಂಟೆ? ನಾನು ಆ ಮಾತು ಅಂದಾಗ ಮಾಸ್ಟರ್ ಕತ್ತರಿ ಎತ್ತಿಕೊಂಡು ಸುಮ್ಮನೆ ಗಾಳಿಯಲ್ಲಿ ಎರಡು ಸಲ ಕತ್ತರಿಸಿದರು. ಅದು ಅವರು ಯೋಚನೆ ಮಾಡುವ ರೀತಿ.

ಎರಡನೆಯ ತುಣುಕು ಅದೇ ತಿಂಗಳು ತಾನೇ ನಡೆದುಕೊಂಡು ಬಂತು. ಜಗಳೂರು ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಬಸ್ಸಿಳಿದು, ಓಣಿಯಲ್ಲಿ ಮೂರು ಜನರನ್ನು ಕೇಳಿ, ಕೊನೆಗೆ ನನ್ನ ಅಂಗಡಿ ಮೆಟ್ಟಿಲಿಗೆ ಬಂದು ಫೋನಿನಲ್ಲಿ ಆ ಕೈಗಳನ್ನು ತೋರಿಸಿ, ‘ಇವ್ರ ಅಂಗಡಿ ಯಾವ್ದ್ರೀ ಅಕ್ಕ?’ ಅಂದಳು. ನಾನೇ ಕರೆದುಕೊಂಡು ಹೋಗಿ ಬಿಟ್ಟೆ. ಮಾಸ್ಟರ್ ಮುಖ ಅರಳಿತು. ಕುರ್ಚಿ ಹಾಕಿಸಿ, ಟೀ ತರಿಸಿ, ಟೇಪು ಕೊರಳಿಗೆ ಹಾಕಿಕೊಂಡು ಸಿದ್ಧರಾದರು. ಹುಡುಗಿ ಚೀಲಕ್ಕೆ ಕೈ ಹಾಕಿ ಹೊರಗೆ ತೆಗೆದದ್ದು ಬಟ್ಟೆಯನ್ನಲ್ಲ, ಇನ್ನೂರು ಪುಟದ ನೋಟ್‌ಬುಕ್. ಅದರ ತುಂಬ ಮಾಸ್ಟರ್ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಪೆನ್ಸಿಲ್‌ನಲ್ಲಿ ಬರೆದುಕೊಂಡ ಕಟಿಂಗ್ ಚಿತ್ರಗಳು.

‘ಸರ್, ನಿಮ್ಮ ವಿಡಿಯೊ ನೋಡೇ ನಾನು ಊರಾಗೆ ಹೊಲಿಯಾಕೆ ಶುರು ಮಾಡಿದ್ದು. ಕಟೋರಿ ಒಂದು ಕೂಡಾಕಿಲ್ಲ, ತುದೀಲಿ ಸುಕ್ಕು ಬರ್ತೈತಿ. ಒಂದ್ಸಲ ಎದುರಿಗೆ ತೋರಿಸ್ರೀ.’

ಮಾಸ್ಟರ್ ತೋರಿಸಿದರು. ಬಟ್ಟಲಿನ ಬಾಗು ಹೊಲಿಯುವಾಗ ಎರಡು ತುಂಡುಗಳಲ್ಲಿ ಕೆಳಗಿನದನ್ನು ಎಳೆಯಬಾರದು, ಓರೆ ಎಳೆಯ ಬಟ್ಟೆ ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ತುದಿಯಲ್ಲಿ ಸುಕ್ಕಾಗಿ ಕೂರುತ್ತದೆ; ಮೊದಲು ನಡುವೆ ಒಂದು ಕಚ್ಚು ಹಾಕಿ ಎರಡನ್ನೂ ಹೊಂದಿಸಿ, ನಡುವಿನಿಂದ ಎರಡೂ ಕಡೆಗೆ ಹೊಲಿಯಬೇಕು. ಹುಡುಗಿ ಬರೆದುಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು, ಸಂಜೆ ಬಸ್ಸಿಗೆ ಹೋದಳು. ಹೋಗುವಾಗ ನನ್ನಲ್ಲಿ ಎರಡು ಡಜನ್ ಹುಕ್ಕಿನ ಪ್ಯಾಕೆಟ್ ಕೊಂಡಳು. ಆ ಹೈದರಾಬಾದ್ ಬ್ಲೌಸಿನ ಲೈನಿಂಗ್ ಬಿಟ್ಟರೆ ಮಾಸ್ಟರ್ ವಿಡಿಯೊಗಳಿಂದ ಅದುವರೆಗೆ ನನಗಾದ ಲಾಭ ಅದೊಂದೇ, ಅದನ್ನು ಅವರಿಗೆ ಹೇಳಿ ಇಬ್ಬರೂ ನಕ್ಕೆವು.

ದೀಪಾವಳಿಗೆ ಮಗ ಬಂದಾಗ ಉಳಿದದ್ದು ಗೊತ್ತಾಯಿತು. ಖಾತೆಯನ್ನು ಅವನು ವ್ಯವಹಾರದ ಖಾತೆಯಾಗಿ ಬದಲಿಸಿಟ್ಟಿದ್ದ. ಅದಕ್ಕೆ ದುಡ್ಡು ಬೇಕಿಲ್ಲ. ಹಾಗೆ ಮಾಡಿದರೆ ಫಾಲೋವರ್ಸ್ ಯಾವ ಊರಿನವರು, ಯಾವ ವಯಸ್ಸಿನವರು ಎಂಬ ಪಟ್ಟಿ ಒಳಗೆ ಸಿಗುತ್ತದೆ. ಸಂಖ್ಯೆ ಏರುವುದನ್ನು ದಿನಾ ನೋಡುತ್ತಿದ್ದ ಹುಡುಗ ಆ ಪಟ್ಟಿಯನ್ನು ಒಮ್ಮೆಯೂ ತೆಗೆದಿರಲಿಲ್ಲ. ನಾನು ಕೇಳಿದ್ದಕ್ಕೆ ತೆಗೆದ. ಮೊದಲ ಐದು ಊರುಗಳಲ್ಲಿ ದೆಹಲಿ, ಕೋಲ್ಕತ್ತ, ಹೈದರಾಬಾದ್ ಇದ್ದವು, ಢಾಕಾ ಇತ್ತು, ಬೆಂಗಳೂರು ಕಡೆಯದಾಗಿ ಇತ್ತು. ದಾವಣಗೆರೆ ಇಲ್ಲವೇ ಇಲ್ಲ. ಹರಿಹರ ಇಲ್ಲ, ಚಿತ್ರದುರ್ಗ ಇಲ್ಲ. ಮಾಸ್ಟರ್ ಢಾಕಾ ಎಲ್ಲಿ ಅಂತ ಕೇಳಿದರು. ಬಾಂಗ್ಲಾದೇಶ ಅಂದಾಗ, ‘ಅಲ್ಲಿಂದ ಟ್ರಯಲ್‌ಗೆ ಹೆಂಗ್ ಬರ್ತಾರೆ ಪಾಪ’ ಅಂದರು.

ಇದು ಯಾಕೆ ಹೀಗಾಯಿತು ಎಂಬುದು ಮಗನಿಗೆ ಗೊತ್ತಿದ್ದ ವಿಷಯವೇ, ಅಪ್ಪನ ಅಂಗಡಿಗೆ ಹೊಂದಿಸಿ ನೋಡಿರಲಿಲ್ಲ. ರೀಲ್ಸ್ ಅನ್ನುವುದು ಹೆಚ್ಚಾಗಿ ಹೋಗುವುದು ನಮ್ಮನ್ನು ಬಲ್ಲವರ ಹತ್ತಿರವಲ್ಲ. ಅಂಥದ್ದನ್ನೇ ಮೊದಲು ಕೊನೆತನಕ ನೋಡಿದವರು, ಉಳಿಸಿಕೊಂಡವರು, ಇನ್ನೊಬ್ಬರಿಗೆ ಕಳಿಸಿದವರು ಯಾರೋ, ಅವರ ಹತ್ತಿರ ಹೋಗುತ್ತದೆ. ಕಂಕುಳ ಬಾಗು ಎಳೆಯುವುದನ್ನು ರೆಪ್ಪೆ ಬಡಿಯದೆ ಕೊನೆತನಕ ನೋಡುವವರು ಯಾರು? ಹೊಲಿಗೆ ಕಲಿಯುವವರು, ಹೊಲಿಯುವವರು. ಅವರೇ ಉಳಿಸಿಕೊಳ್ಳುತ್ತಾರೆ, ನಾಳೆ ಬಟ್ಟೆ ಮುಂದಿಟ್ಟುಕೊಂಡು ಮತ್ತೆ ನೋಡಬೇಕಲ್ಲ. ಮಾತಿಲ್ಲದ ವಿಡಿಯೊ, ಹಿಂದಿ ಹಾಡು. ಅದನ್ನು ಕನ್ನಡದವರಿಗೆ, ಅದರಲ್ಲೂ ದಾವಣಗೆರೆಯವರಿಗೆ ತೋರಿಸಬೇಕೆಂದು ಆ ಕಂಪನಿಯ ಯಂತ್ರಕ್ಕೆ ಹೇಳುವ ಒಂದು ಗುರುತೂ ಅದರಲ್ಲಿರಲಿಲ್ಲ. ಪುಟದ ಮೇಲೆ ಅಂಗಡಿ ವಿಳಾಸವೂ ಇರಲಿಲ್ಲ. ಆ ಆರು ಲಕ್ಷದ ವಿಡಿಯೊವನ್ನು ಉಳಿಸಿಕೊಂಡವರು ಸಾವಿರಾರು ಜನ. ಅದನ್ನು ನೋಡಿ ಮಾಸ್ಟರ್ ಪುಟಕ್ಕೆ ಬಂದವರು ಅದರ ಮುಂದೆ ಏನೇನೂ ಅಲ್ಲ. ಬೇಕಾದದ್ದು ವಿಡಿಯೊದಲ್ಲೇ ಸಿಕ್ಕಿದ ಮೇಲೆ ಅಂಗಡಿ ಯಾಕೆ ಹುಡುಕಬೇಕು?

ನನಗೆ ಇದರಲ್ಲಿ ಇನ್ನೊಂದು ಮಾತಿದೆ. ಗಿರಾಕಿ ನೋಡುವುದೇ ಬೇರೆ. ನನ್ನ ಅಂಗಡಿಗೆ ಬರುವ ಹೆಂಗಸರು ಲೈನಿಂಗ್ ಆರಿಸುತ್ತ ಟೈಲರ್ ಬಗ್ಗೆ ಕೇಳುವುದನ್ನು ಎಷ್ಟೋ ವರ್ಷ ಕೇಳಿದ್ದೇನೆ. ಹೇಳಿದ ದಿನಕ್ಕೆ ಕೊಡ್ತಾರಾ? ಮದುವೆ ಸೀರೆ ಪೀಸು, ಹಾಳು ಮಾಡಲ್ಲ ತಾನೆ? ಬಾಣಂತಿ ನಾನು, ಆಮೇಲೆ ಬಿಚ್ಚಲು ಒಳಗೆ ಬಟ್ಟೆ ಬಿಡ್ತಾರಾ? ಈ ಮೂರನೆಯ ಪ್ರಶ್ನೆಗೆ ಮಾಸ್ಟರ್ ಊರಿಗೇ ಗಟ್ಟಿಗರು. ಎರಡೂ ಪಕ್ಕದಲ್ಲಿ ಧಾರಾಳ ಮಾರ್ಜಿನ್ ಬಿಟ್ಟು, ಒಂದರ ಪಕ್ಕ ಒಂದರಂತೆ ಮೂರು ಸಾಲು ಹೊಲಿಗೆ ಹಾಕುತ್ತಿದ್ದರು. ಮೈ ಬಂದ ಹಾಗೆ ಒಂದೊಂದೇ ಸಾಲು ಬಿಚ್ಚಿಕೊಂಡು ಹೋಗಬಹುದು, ಟೈಲರ್ ಕೂಡ ಬೇಕಿಲ್ಲ. ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮುಂಚೆ ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಒಣಗಿಸುತ್ತಿದ್ದರು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಒಳಬಟ್ಟೆ ಕುಗ್ಗಿ ಮೇಲಿನ ರೇಷ್ಮೆ ಉಬ್ಬುತ್ತದೆ. ಗಿರಾಕಿಯನ್ನು ಹಿಡಿದಿಟ್ಟದ್ದು ಇವೇ. ವಿಡಿಯೊದಲ್ಲಿ ಇವು ಒಂದೂ ಇರಲಿಲ್ಲ, ಯಾಕೆಂದರೆ ನೆನೆಸಿಟ್ಟ ಬಕೆಟ್ಟು ನೋಡಲು ಏನು ಚೆಂದ?

ಆಮೇಲೆ ಒಂದು ಕೆಲಸ ಮಾಡಿದೆವು. ಮಾಸ್ಟರ್ ಬಿಲ್ ಪುಸ್ತಕದಲ್ಲಿ ಹೆಸರು, ಫೋನು, ಅಳತೆ, ಕೊಡುವ ತಾರೀಖು ಇರುತ್ತಿತ್ತು, ಗುರುತಿಗೆ ಬಟ್ಟೆಯ ಒಂದು ಚೂರು ಪಿನ್ ಹಾಕಿರುತ್ತಿದ್ದರು. ಅದರ ಪಕ್ಕ ಇನ್ನೊಂದು ಗೆರೆ ಎಳೆದು ‘ಯಾರ ಕಡೆಯಿಂದ’ ಅಂತ ಬರೆಸಿದೆ. ಹೊಸಬರು ಬಂದರೆ ಕೇಳಿ ಬರೆಯಬೇಕು, ಅಷ್ಟೆ. ಮಾಘದ ಮದುವೆ ಹೊತ್ತಿನ ಒಂದು ತಿಂಗಳಲ್ಲಿ 14 ಹೊಸ ಗಿರಾಕಿಗಳು ಬಂದರು. ಒಂಬತ್ತು ಜನರನ್ನು ಕಳಿಸಿದ್ದು ಹಳೆಯ ಗಿರಾಕಿಗಳು: ಅತ್ತಿಗೆ, ನಾದಿನಿ, ಜೊತೆ ಕೆಲಸದ ಟೀಚರ್. ಮೂವರು ಓಣಿಯಲ್ಲಿ ಹೋಗುತ್ತ ಬೋರ್ಡ್ ನೋಡಿ ಬಂದವರು. ಇಬ್ಬರನ್ನು ಕಳಿಸಿದ್ದು ನಾನು. ಫೋನಿನ ಕಡೆಯಿಂದ ಬಂದವರ ಜಾಗ ಖಾಲಿ. ಆ ಒಂಬತ್ತರಲ್ಲಿ ನಾಲ್ವರನ್ನು ಕಳಿಸಿದವಳು ಒಬ್ಬಳೇ, ವಿನೋಬನಗರದ ಒಬ್ಬ ಟೀಚರ್. ಅವಳಿಗೆ ಇನ್‌ಸ್ಟಾಗ್ರಾಂ ಖಾತೆಯೇ ಇಲ್ಲ.

ಆ ಪುಟ ನೋಡಿದ ಮೇಲೆ ಮಾಸ್ಟರ್ ತಾವಾಗಿಯೇ ದಾರಿ ಬದಲಿಸಿದರು. ಗಿರಾಕಿಗಳ ಫೋನ್ ನಂಬರ್ ಪುಸ್ತಕದಲ್ಲಿ ಇದ್ದೇ ಇತ್ತು. ಮಗ ಅವನ್ನು ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿದ, ಒಂದು ಪಟ್ಟಿಗೆ 256 ಜನ. ಮೊದಲ ಸಲ ಕಳಿಸಿದ ಸಂದೇಶ ಅರ್ಧಕ್ಕರ್ಧ ಜನರಿಗೆ ಮುಟ್ಟಲೇ ಇಲ್ಲ. ಕಾರಣ, ಆ ಪಟ್ಟಿಯ ಸಂದೇಶ ಹೋಗುವುದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಆಮೇಲಿಂದ ಬಟ್ಟೆ ಕೊಡಲು ಬಂದವರ ಎದುರಿಗೇ ಮಿಸ್‌ಕಾಲ್ ಕೊಟ್ಟು, ‘ಮಾಸ್ಟರ್ ಅಂತ ಬರ್ಕೊಳ್ರಿ ತಾಯಿ, ಬ್ಲೌಸ್ ರೆಡಿ ಆದ್ರೆ ಇದ್ರಾಗೇ ತಿಳಸ್ತೀನಿ’ ಅನ್ನತೊಡಗಿದರು. ಆಮೇಲೆ ಕಳಿಸಿದ ಸಂದೇಶ ಒಂದೇ ಸಾಲಿನದು: ವರಮಹಾಲಕ್ಷ್ಮಿ ಹಬ್ಬಕ್ಕೆ ಬೇಕಾದವರು ಆಷಾಢ ಮುಗಿಯುವುದರೊಳಗೆ ಬಟ್ಟೆ ಕೊಡಿ, ಆಮೇಲೆ ತಂದರೆ ಹಬ್ಬ ಕಳೆದೇ ಸಿಗುವುದು. ಖಾಲಿ ಕೂರುವ ಆಷಾಢದಲ್ಲಿ ಆ ವರ್ಷ ಅಂಗಡಿಯಲ್ಲಿ ಚೀಲಗಳು ಬಂದು ಕೂತವು. ನನಗೂ ಹೊಸ ತಾನು ತರಿಸಬೇಕಾಯಿತು.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿದ್ದೂ ಆಗಲೇ. ಹಾಸ್ಟೆಲ್ ಹುಡುಗಿಯರು ಹೊಸ ಊರಿನಲ್ಲಿ ಟೈಲರ್ ಹುಡುಕುವುದು ಅಲ್ಲಿ, ರೀಲ್ಸ್‌ನಲ್ಲಲ್ಲ.

ವಿಡಿಯೊ ಪೂರ್ತಿ ನಿಲ್ಲಿಸಲಿಲ್ಲ. ಕನ್ನಡದಲ್ಲಿ, ಮುಖ ತೋರಿಸಿ, ಅಂಗಡಿ ಎಲ್ಲಿ ಅಂತ ಹೇಳಿ, ಮಾರ್ಜಿನ್ ಬಿಡುವುದನ್ನು, ನೆನೆಸಿದ ಲೈನಿಂಗನ್ನು ತೋರಿಸಿದರು. ಅವನ್ನು ನೋಡಿದವರು ಕೆಲವು ನೂರು ಜನ. ಮಗನಿಗೆ ಬೇಜಾರು, ಇಷ್ಟು ಕಷ್ಟಪಟ್ಟು ಬೆಳೆಸಿದ ಪುಟ ಬಿದ್ದುಹೋಯಿತು ಎಂಬ ಚಿಂತೆ. ಅವನ ಬೇಜಾರು ನನಗೆ ಅರ್ಥವಾಗುತ್ತಿತ್ತು, ಆದರೆ ಅದಕ್ಕೆ ಬೆಲೆ ಕೊಡಬೇಕೆನಿಸಲಿಲ್ಲ. ಒಬ್ಬ ಸಹಾಯಕನನ್ನು ಇಟ್ಟುಕೊಂಡು ಮಾಸ್ಟರ್ ದಿನಕ್ಕೆ ಹೊಲಿಯುತ್ತಿದ್ದದ್ದು ಐದೋ ಆರೋ ಲೈನಿಂಗ್ ಬ್ಲೌಸು. 18 ಸಾವಿರ ಜನರಲ್ಲಿ ನೂರಕ್ಕೊಬ್ಬರು ಬಟ್ಟೆ ತಂದಿದ್ದರೂ 180 ಬ್ಲೌಸು, ಬೇರೆಲ್ಲ ಬಿಟ್ಟು ಒಂದು ತಿಂಗಳ ಮೇಲೆ ದುಡಿಯಬೇಕು. ಈ ಕಸುಬಿಗೆ ಬೇಕಾದದ್ದು ಸುತ್ತಲ ನಾಲ್ಕು ಬಡಾವಣೆಯ ಮುನ್ನೂರು ಮನೆ.

ಆ ಫಾಲೋವರ್ಸ್ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಅವರು ಕಲಿಯಲು ಬಂದವರು, ಅವರಿಗೆ ಬೇಕಾದದ್ದು ಕಲಿಕೆ. ಜಗಳೂರಿನ ಹುಡುಗಿ ಹೋದ ಮೇಲೆ ಅವಳಂಥವರು ಇನ್ನೂ ಬರತೊಡಗಿದಾಗ, ಮಾಸ್ಟರ್ ಪ್ರತಿ ಆಷಾಢದಲ್ಲಿ ಬೆಳಗಿನ ಹೊತ್ತು ಕಟಿಂಗ್ ಕ್ಲಾಸ್ ಇಟ್ಟರು, ಫೀಸು ತಗೊಂಡೇ. ಟೇಬಲ್ಲಿನ ಸುತ್ತ ಆರು ಜನಕ್ಕಿಂತ ಹೆಚ್ಚು ನಿಲ್ಲಲಾಗದು, ಹಾಗಾಗಿ ಆರೇ ಜನ.

ಸಣ್ಣ ಅಂಗಡಿ ಇಟ್ಟುಕೊಂಡು ವಿಡಿಯೊ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಇವತ್ತು ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಪಟ್ಟಿ ನೋಡಿ: ಫೋನಿನಲ್ಲಿ ಫಾಲೋವರ್ಸ್‌ನ ಊರುಗಳು, ಮತ್ತು ಕೊನೆಯ ಐವತ್ತು ಕಾಮೆಂಟುಗಳಲ್ಲಿ ಬೆಲೆ, ವಿಳಾಸ, ತಾರೀಖು ಕೇಳಿದವರೆಷ್ಟು ಅಂತ. ನಾಳೆ ಬೆಳಿಗ್ಗೆ ಬಿಲ್ ಪುಸ್ತಕದಲ್ಲಿ ಒಂದು ಗೆರೆ ಹೆಚ್ಚಿಗೆ ಎಳೆಯಿರಿ.